ಆರು ಪುಟ ಬರೆದೆ, ವಾದವೇ ಇರಲಿಲ್ಲ: 1789ರ ಕಾರಣಗಳನ್ನು ಬರೆಯಲು ನಾನು ಕಲಿತ ಬಗೆ

ಪ್ರಶ್ನೆ ಇಷ್ಟೇ ಇತ್ತು: "1789ರ ಫ್ರೆಂಚ್ ಕ್ರಾಂತಿಗೆ ಸರ್ಕಾರದ ಹಣಕಾಸಿನ ಬಿಕ್ಕಟ್ಟೇ ಮುಖ್ಯ ಕಾರಣ. ವಿಮರ್ಶಿಸಿ." ಸಮಯ ಒಂದು ಗಂಟೆ. ನಾನು ಆರು ಪುಟ ಬರೆದೆ. ಸಾಮಾಜಿಕ ಕಾರಣ, ಆರ್ಥಿಕ ಕಾರಣ, ರಾಜಕೀಯ ಕಾರಣ, ಚಿಂತಕರ ಪ್ರಭಾವ ಅಂತ ನಾಲ್ಕು ಉಪಶೀರ್ಷಿಕೆ ಹಾಕಿದೆ. ಒಂದೊಂದರ ಕೆಳಗೂ ಗೊತ್ತಿದ್ದನ್ನೆಲ್ಲ ತುಂಬಿದೆ. ಅಂಕ ಮಾತ್ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಅಷ್ಟೇ.

ಮೇಷ್ಟ್ರು ಕೊನೆಯ ಪುಟದ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: "ಇದೆಲ್ಲ 1775ರಲ್ಲೂ ಇತ್ತಲ್ಲ, ಆಗ ಯಾಕೆ ಆಗಲಿಲ್ಲ?"

ಆ ಸಾಲು ನನ್ನನ್ನು ಬಹಳ ದಿನ ಕಾಡಿತು. 1775ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಪ್ಯಾರಿಸ್ ಸುತ್ತಮುತ್ತ ಬ್ರೆಡ್ ಬೆಲೆ ಏರಿ ದೊಡ್ಡ ಗಲಭೆಗಳಾಗಿದ್ದವು. ಇತಿಹಾಸದಲ್ಲಿ ಅದಕ್ಕೆ 'ಹಿಟ್ಟಿನ ಯುದ್ಧ' ಅಂತಲೇ ಹೆಸರು. ಶ್ರೀಮಂತ ವರ್ಗದ, ಅಂದರೆ ಬಿರುದು ಹೊಂದಿದ ಕುಲೀನರ, ತೆರಿಗೆ ವಿನಾಯಿತಿಗಳು ಆಗಲೂ ಇದ್ದವು. ವೋಲ್ಟೇರ್, ರೂಸೋ ಇಬ್ಬರೂ ಇನ್ನೂ ಬದುಕಿದ್ದರು, ಅವರ ಬರಹಗಳನ್ನು ಜನ ಓದುತ್ತಿದ್ದರು. ಆದರೂ ಸೈನ್ಯ ಕೆಲವೇ ವಾರಗಳಲ್ಲಿ ಎಲ್ಲವನ್ನೂ ಅಡಗಿಸಿತು. ಅಂದರೆ ಹಸಿವು, ಅಸಮಾನತೆ, ಹೊಸ ವಿಚಾರ ಮೂರೂ ಒಟ್ಟಿಗಿದ್ದೂ ಕ್ರಾಂತಿ ಆಗಲಿಲ್ಲ. ನನ್ನ ಆರು ಪುಟ ವಿವರಿಸಿದ್ದು ಫ್ರಾನ್ಸಿನಲ್ಲಿ ಜನ ಯಾಕೆ ಅಸಮಾಧಾನಗೊಂಡಿದ್ದರು ಅನ್ನೋದನ್ನು. ಅದು 1789ರಲ್ಲೇ ಯಾಕೆ ಒಡೆಯಿತು ಅನ್ನೋದಕ್ಕೆ ಅಲ್ಲಿ ಉತ್ತರವೇ ಇರಲಿಲ್ಲ.

ಅದೇ ಪ್ರಶ್ನೆಗೆ ಮತ್ತೆ ಬರೆಯಲು ಕೂತೆ. ಈ ಸಲ ಮೊದಲ ಹತ್ತು ನಿಮಿಷ ಉತ್ತರ ಬರೆಯಲೇ ಇಲ್ಲ. ವಾದವನ್ನು ಒಂದು ವಾಕ್ಯದಲ್ಲಿ ಹೇಳಲು ನೋಡಿದೆ. ಮೊದಲು ಬಂದದ್ದು ಇದು: "ಹಣಕಾಸಿನ ಬಿಕ್ಕಟ್ಟು ಮುಖ್ಯ ಕಾರಣ, ಆದರೆ ಬೇರೆ ಕಾರಣಗಳೂ ಇದ್ದವು." ಇದನ್ನು ಯಾರೂ ಅಲ್ಲಗಳೆಯಲಾರರು, ಅದಕ್ಕೇ ಇದರಿಂದ ಉಪಯೋಗವಿಲ್ಲ. ವಾದ ಅಂದ ಮೇಲೆ ಓದುವವರು "ಹೌದಾ? ತೋರಿಸು ನೋಡೋಣ" ಅನ್ನಬೇಕು. ಎರಡನೇ ಸಲ ಹೀಗೆ ಬರೆದೆ: "ಹಣಕಾಸಿನ ಬಿಕ್ಕಟ್ಟು ರಾಜ ಬೇರೆಯವರ ಒಪ್ಪಿಗೆ ಕೇಳಲೇಬೇಕಾದ ಸ್ಥಿತಿ ತಂದಿತು. ಆದರೆ ಅದು ಕ್ರಾಂತಿಯಾಗಿ ತಿರುಗಿದ್ದು, ಆ ಒಪ್ಪಿಗೆಯನ್ನು ಯಾರು ಕೊಡಬೇಕು, ಮತ ಹೇಗೆ ಎಣಿಸಬೇಕು ಅನ್ನೋ ಜಗಳದಿಂದ." ಈಗ ಇದನ್ನು ಒಪ್ಪದೆ ಇರಲು ಸಾಧ್ಯ. ಹಾಗಾಗಿ ಪುರಾವೆಗೂ ಒಂದು ಕೆಲಸ ಸಿಕ್ಕಿತು.

ಇನ್ನೊಂದು ನಿರ್ಧಾರವನ್ನೂ ಆಗಲೇ ಮಾಡಿದೆ. ಕ್ರಾಂತಿ ಅಂದರೆ ಯಾವುದು? ನಾನು 1789ರ ಬೇಸಿಗೆಯವರೆಗೆ ಮಾತ್ರ ಅಂತ ಪೀಠಿಕೆಯಲ್ಲೇ ಹೇಳಿಬಿಟ್ಟೆ. 1792ರಲ್ಲಿ ರಾಜಪ್ರಭುತ್ವ ಬಿದ್ದದ್ದಕ್ಕೆ ಯುದ್ಧದಂಥ ಬೇರೆ ಕಾರಣಗಳಿವೆ. ಎರಡನ್ನೂ ಒಂದೇ ಉತ್ತರದಲ್ಲಿ ಎಳೆದರೆ ವಾದ ಸಡಿಲವಾಗುತ್ತದೆ.

ಮೊದಲ ಭಾಗ ಹಣಕಾಸು. ಹಿಂದಿನ ಉತ್ತರದಲ್ಲಿ ಇಲ್ಲಿ ರಾಣಿಯ ಆಡಂಬರದ ಬಗ್ಗೆ ಅರ್ಧ ಪುಟ ಬರೆದಿದ್ದೆ. ಅದನ್ನು ಪೂರ್ತಿ ತೆಗೆದು 1788ರ ಲೆಕ್ಕಪತ್ರದ ಅಂಕಿಗಳನ್ನು ಹಾಕಿದೆ. ಆ ವರ್ಷದ ಖರ್ಚು ಸುಮಾರು 63 ಕೋಟಿ ಲಿವ್ರ್, ಆದಾಯ ಸುಮಾರು 50 ಕೋಟಿ. ಖರ್ಚಿನಲ್ಲಿ ಸುಮಾರು ಅರ್ಧ ಹಳೆಯ ಸಾಲದ ಬಡ್ಡಿ ಮತ್ತು ಮರುಪಾವತಿಗೇ ಹೋಗುತ್ತಿತ್ತು. ಅರಮನೆಯ ಪಾಲು ಶೇಕಡಾ 6ರಷ್ಟು ಮಾತ್ರ. ಈ ಎರಡು ಪಾಲುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಅರಮನೆಯ ದುಂದುವೆಚ್ಚವೇ ಖಜಾನೆ ಮುಳುಗಿಸಿತು ಅನ್ನೋ ಕಥೆ ನಿಲ್ಲುವುದಿಲ್ಲ. ಮುಳುಗಿಸಿದ್ದು ಯುದ್ಧಗಳಿಗೆ, ಅದರಲ್ಲೂ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ, ಮಾಡಿದ ಸಾಲ.

ಇಲ್ಲಿಯೇ ಸಮತೋಲನದ ವಿಷಯ ಬರುತ್ತದೆ. ಮೊದಲೆಲ್ಲ ನಾನು ಸಮತೋಲನ ಅಂದರೆ ಕೊನೆಯಲ್ಲಿ "ಆದರೆ ಇನ್ನೊಂದು ಕಡೆ" ಅಂತ ಒಂದು ಪ್ಯಾರಾ ಸೇರಿಸುವುದು ಅಂದುಕೊಂಡಿದ್ದೆ. ಈ ಸಲ ಆಕ್ಷೇಪವನ್ನು ಅದು ಹುಟ್ಟುವ ಜಾಗದಲ್ಲೇ ಎತ್ತಿದೆ. ಬ್ರಿಟನ್ ಕೂಡ ಅದೇ ಯುದ್ಧ ಮಾಡಿತ್ತು, ಅದೂ ಸೋತು. ಅದರ ಸಾಲವೂ ಭಾರೀ. ಅಲ್ಲಿ ಯಾಕೆ ಕ್ರಾಂತಿ ಆಗಲಿಲ್ಲ? ಅಲ್ಲಿ ತೆರಿಗೆಗೆ ಸಂಸತ್ತಿನ ಒಪ್ಪಿಗೆ ಇತ್ತು. ಸಾಲ ಕೊಡುವವರಿಗೆ ನಂಬಿಕೆ ಇತ್ತು, ಅದಕ್ಕೇ ಬಡ್ಡಿಯೂ ಕಡಿಮೆ. ಅಂದ ಮೇಲೆ ಸಾಲದ ಗಾತ್ರವೊಂದೇ ಕಾರಣವಲ್ಲ. ಆ ಸಾಲ ತೀರಿಸಲು ಬೇಕಾದ ತೆರಿಗೆಗೆ ಒಪ್ಪಿಗೆ ಕೊಡುವ ಸಂಸ್ಥೆ ಫ್ರಾನ್ಸಿನಲ್ಲಿ ಇರಲಿಲ್ಲ. ಈ ಆಕ್ಷೇಪ ನನ್ನ ವಾದವನ್ನು ಬೀಳಿಸಲಿಲ್ಲ, ಮುಂದಿನ ಭಾಗಕ್ಕೆ ದಾರಿ ಮಾಡಿಕೊಟ್ಟಿತು.

ಎರಡನೇ ಭಾಗದಲ್ಲಿ ದಿನಾಂಕಗಳು ಬಹಳ ಕೆಲಸ ಮಾಡಿದವು. 1786ರ ಆಗಸ್ಟ್‌ನಲ್ಲಿ ಮಂತ್ರಿ ಕಲೋನ್ ರಾಜನಿಗೆ ಕೊರತೆಯ ವಿಷಯ ತಿಳಿಸಿದ. 1787ರ ಫೆಬ್ರವರಿಯಲ್ಲಿ ಕರೆದ ಗಣ್ಯರ ಸಭೆ ಅವನ ತೆರಿಗೆ ಸುಧಾರಣೆಗೆ ಒಪ್ಪಲಿಲ್ಲ. ಹೊಸ ತೆರಿಗೆಗೆ ಒಪ್ಪಿಗೆ ಕೊಡುವ ಹಕ್ಕು 1614ರ ನಂತರ ಸೇರದೇ ಇದ್ದ ಎಸ್ಟೇಟ್ಸ್ ಜನರಲ್ ಅನ್ನೋ ಮೂರು ವರ್ಗಗಳ ಪ್ರತಿನಿಧಿ ಸಭೆಗೆ ಮಾತ್ರ ಇದೆ ಅಂತ ಪ್ಯಾರಿಸ್ಸಿನ ಉನ್ನತ ನ್ಯಾಯಾಲಯ ಹೇಳಿತು. ಹಳೆಯ ಉತ್ತರದಲ್ಲಿ ನಾನು "ಖಜಾನೆ ಪಾವತಿ ನಿಲ್ಲಿಸಿತು, ಆದ್ದರಿಂದ ರಾಜ ಎಸ್ಟೇಟ್ಸ್ ಜನರಲ್ ಕರೆದ" ಅಂತ ಬರೆದಿದ್ದೆ. ದಿನಾಂಕ ನೋಡಿದರೆ ಅದು ತಿರುವುಮುರುವು. ಸಭೆಯ ದಿನ ಘೋಷಿಸಿದ್ದು 1788ರ ಆಗಸ್ಟ್ 8ಕ್ಕೆ, ಪಾವತಿ ನಿಲ್ಲಿಸಿದ್ದು ಆಗಸ್ಟ್ 16ಕ್ಕೆ. ಆ ಮೇ ತಿಂಗಳಲ್ಲಿ ರಾಜ ನ್ಯಾಯಾಲಯಗಳ ಅಧಿಕಾರ ಕಿತ್ತುಕೊಂಡಿದ್ದ. ಜೂನ್‌ನಲ್ಲಿ ಗ್ರೆನೋಬಲ್ ಜನ ಸೈನಿಕರ ಮೇಲೆ ಹಂಚು ಎಸೆದಿದ್ದರು. ಇಷ್ಟೆಲ್ಲ ಗಲಾಟೆ ನೋಡಿ ಸಾಲ ಕೊಡುವವರೂ ಹಿಂದೆ ಸರಿದರು. ಅಂದರೆ ಹಣದ ಬಿಕ್ಕಟ್ಟು ರಾಜಕೀಯ ಬಿಕ್ಕಟ್ಟನ್ನು ತಂದದ್ದು ನಿಜ. ಆದರೆ ಕೊನೆಯ ಹಂತದಲ್ಲಿ ರಾಜಕೀಯವೇ ಖಜಾನೆಯನ್ನು ಬೀಳಿಸಿತು. ಪ್ರಶ್ನೆಯಲ್ಲಿದ್ದ "ಹಣಕಾಸಿನ ಬಿಕ್ಕಟ್ಟೇ" ಅನ್ನೋ ಮಾತಿನ 'ಏ'ಕಾರಕ್ಕೆ ನನ್ನ ನೇರ ಉತ್ತರ ಇಲ್ಲಿತ್ತು. ಕ್ರಾಂತಿಗಳ ಬಗ್ಗೆ ಬರೆಯುವಾಗ ತಿಂಗಳು, ದಿನ ನೋಡಿಕೊಳ್ಳಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಯಾವುದು ಮೊದಲು ಅನ್ನೋದು ತಪ್ಪಿದರೆ ಯಾವುದರಿಂದ ಯಾವುದು ಆಯಿತು ಅನ್ನೋದೂ ತಪ್ಪುತ್ತದೆ.

ಮುಂದೆ ಮತದ ಜಗಳ. 1788ರ ಸೆಪ್ಟೆಂಬರ್ 25ರಂದು ಅದೇ ನ್ಯಾಯಾಲಯ ಸಭೆ 1614ರ ಪದ್ಧತಿಯಲ್ಲೇ ಸೇರಬೇಕು ಅಂತು. ಅಂದರೆ ಪಾದ್ರಿಗಳಿಗೆ ಒಂದು ಮತ, ಶ್ರೀಮಂತರಿಗೆ ಒಂದು, ಮೂರನೇ ವರ್ಗ ಅನ್ನಿಸಿಕೊಂಡ ಉಳಿದ ಜನರಿಗೆಲ್ಲ ಸೇರಿ ಒಂದು. ಇಲ್ಲಿ ಪ್ಯಾರಾ ಹೇಗೆ ಕೂಡಿತು ಅನ್ನೋದನ್ನು ಹಾಗೇ ಕೊಡುತ್ತೇನೆ:

"ಈ ಜಗಳ ಮಧ್ಯಮ ವರ್ಗಕ್ಕೂ ಶ್ರೀಮಂತ ವರ್ಗಕ್ಕೂ ಇದ್ದ ಹಳೆಯ ವೈರದ ಫಲ ಎಂಬ ವಾದವಿದೆ. ಆದರೆ ಅದುವರೆಗೆ ಹಣವಿದ್ದ ಮಧ್ಯಮ ವರ್ಗದವರು ಸರ್ಕಾರಿ ಹುದ್ದೆ ಖರೀದಿಸಿ ತಾವೇ ಶ್ರೀಮಂತ ವರ್ಗಕ್ಕೆ ಸೇರಲು ಬಯಸುತ್ತಿದ್ದರು. ಮೂರನೇ ವರ್ಗದ ಪ್ರತಿನಿಧಿಗಳಲ್ಲೂ ವ್ಯಾಪಾರಿಗಳಿಗಿಂತ ವಕೀಲರು, ಅಧಿಕಾರಿಗಳೇ ಹೆಚ್ಚು. ಆದ್ದರಿಂದ ವರ್ಗದ್ವೇಷ ಮತದ ಜಗಳವನ್ನು ಹುಟ್ಟಿಸಿತು ಎನ್ನುವುದಕ್ಕಿಂತ, ಮತದ ಜಗಳವೇ ಒಂದಾಗಿದ್ದವರನ್ನು ಎರಡು ಬಣ ಮಾಡಿತು ಎನ್ನುವುದು ಪುರಾವೆಗೆ ಹತ್ತಿರ. ಡಿಸೆಂಬರ್‌ನಲ್ಲಿ ರಾಜ ಮೂರನೇ ವರ್ಗದ ಸಂಖ್ಯೆಯನ್ನು ಎರಡು ಪಟ್ಟು ಮಾಡಿದರೂ ಮತ ಎಣಿಸುವ ಬಗೆಯನ್ನು ತೀರ್ಮಾನಿಸಲಿಲ್ಲ. ಸಭೆ ಸೇರಿದ ಸುಮಾರು 6 ವಾರಗಳಲ್ಲೇ, 1789ರ ಜೂನ್ 17ರಂದು, ಮೂರನೇ ವರ್ಗದ ಪ್ರತಿನಿಧಿಗಳು ತಮ್ಮನ್ನು ರಾಷ್ಟ್ರೀಯ ಸಭೆ ಎಂದು ಘೋಷಿಸಿಕೊಂಡರು."

ಇದರಲ್ಲಿ ಎದುರು ವಾದವನ್ನು ಮೊದಲೇ ಹೇಳಿದ್ದೇನೆ. ಅದನ್ನು ಅಳೆಯಲು ಪುರಾವೆ ಆಮೇಲೆ ಬಂತು, ತೀರ್ಪು ಪುರಾವೆಯ ನಂತರ ಬಂತು. "ಹತ್ತಿರ" ಅನ್ನೋ ಪದವನ್ನು ಬೇಕೆಂದೇ ಹಾಕಿದ್ದು. ಶ್ರೀಮಂತರ ಮೇಲೆ ಸಿಟ್ಟೇ ಇರಲಿಲ್ಲ ಅಂತ ಈ ಪುರಾವೆ ಹೇಳುವುದಿಲ್ಲ. ಪುರಾವೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೆ ನಿಲ್ಲಬೇಕು ಅಲ್ವಾ? ವೋಲ್ಟೇರ್, ರೂಸೋ ಹೆಸರುಗಳು ಈ ಭಾಗದಲ್ಲೇ ಎರಡು ಸಾಲಿನಲ್ಲಿ ಬಂದು ಹೋದವು. ಹೊಸ ವಿಚಾರಗಳು ಜಗಳಕ್ಕೆ ಭಾಷೆ ಕೊಟ್ಟವು, ಆದರೆ ಜಗಳದ ಸಮಯವನ್ನು ಅವು ವಿವರಿಸುವುದಿಲ್ಲ.

ಮೂರನೇ ಭಾಗ ಬ್ರೆಡ್. ಮೊದಲ ಉತ್ತರದಲ್ಲಿ ಖಜಾನೆಯ ಕೊರತೆ ಮತ್ತು ಬ್ರೆಡ್ ಬೆಲೆ ಎರಡನ್ನೂ "ಆರ್ಥಿಕ ಕಾರಣ"ದ ಕೆಳಗೆ ಸೇರಿಸಿಬಿಟ್ಟಿದ್ದೆ. ಇವು ಬೇರೆ ಬೇರೆ ವಿಷಯ. ಒಂದು ರಾಜನ ಸಾಲ, ಇನ್ನೊಂದು ಕೂಲಿಯವನ ಹೊಟ್ಟೆ. 1788ರ ಜುಲೈ 13ರ ಆಲಿಕಲ್ಲು ಮಳೆ ಬೆಳೆ ಹಾಳು ಮಾಡಿತು, ಆಮೇಲೆ ಕಡು ಚಳಿಗಾಲ ಬಂತು. ಪ್ಯಾರಿಸ್ಸಿನಲ್ಲಿ ಸಾಮಾನ್ಯವಾಗಿ 8 ಸೂ ಇರುತ್ತಿದ್ದ 4 ಪೌಂಡಿನ ಬ್ರೆಡ್ 1789ರ ಆರಂಭಕ್ಕೆ 14.5 ಸೂ ಆಯಿತು. ಇಲ್ಲಿ ಮೇಷ್ಟ್ರ ಪ್ರಶ್ನೆಯನ್ನೇ ನಾನು ಬಳಸಿಕೊಂಡೆ. 1775ರ ಗಲಭೆಯ ಸಿಟ್ಟು ಮಾರುಕಟ್ಟೆಯಲ್ಲೇ ಮುಗಿದಿತ್ತು. 1789ರಲ್ಲಿ ಜನರಿಗೆ ಕಾಪಾಡಿಕೊಳ್ಳಲು ಒಂದು ರಾಷ್ಟ್ರೀಯ ಸಭೆ ಇತ್ತು. ಪ್ಯಾರಿಸ್ ಸುತ್ತ ಸೈನ್ಯ ಜಮಾಯಿಸಿತು, ಜುಲೈ 11ಕ್ಕೆ ಜನಪ್ರಿಯ ಮಂತ್ರಿ ನೆಕ್ಕರ್‌ನನ್ನು ರಾಜ ತೆಗೆದುಹಾಕಿದ. ಮೂರು ದಿನದಲ್ಲಿ ಪ್ಯಾರಿಸ್ಸಿನ ಬ್ಯಾಸ್ಟಿಲ್ ಕೋಟೆ ಜನರ ಕೈಗೆ ಬಿತ್ತು. ಹಸಿವು ಕ್ರಾಂತಿಯನ್ನು ಶುರು ಮಾಡಲಿಲ್ಲ, ಶುರುವಾದದ್ದನ್ನು ಸೈನ್ಯದಿಂದ ಉಳಿಸಿತು ಅಂತ ಬರೆದೆ.

ಉಪಸಂಹಾರಕ್ಕೆ ಐದು ನಿಮಿಷ ಇಟ್ಟುಕೊಂಡಿದ್ದೆ. ಮೂರು ಕಾರಣಗಳನ್ನು ಮತ್ತೆ ಹೇಳುವ ಬದಲು ಅವುಗಳ ತೂಕ ಹೇಳಿದೆ. ಹಣಕಾಸು ಇಲ್ಲದಿದ್ದರೆ ಸಭೆಯೇ ಸೇರುತ್ತಿರಲಿಲ್ಲ, ಮತದ ಜಗಳ ಇಲ್ಲದಿದ್ದರೆ ಸೇರಿದ ಸಭೆ ತೆರಿಗೆಗೆ ಒಪ್ಪಿ ಮನೆಗೆ ಹೋಗಬಹುದಿತ್ತು.

ಮೇಷ್ಟ್ರಿಗೆ ಕೊಟ್ಟೆ. ಈ ಸಲ ಅಂಕ ಚೆನ್ನಾಗಿಯೇ ಬಂತು. ಅಂಚಿನಲ್ಲಿ ಮತ್ತೆ ಒಂದು ಸಾಲು ಇತ್ತು: "ರೈತರು ಎಲ್ಲಿ?"

ನಿಜ, ನನ್ನ ವಾದ ಅರಮನೆಯಿದ್ದ ವರ್ಸೇಲ್ಸ್ ಮತ್ತು ಪ್ಯಾರಿಸ್ ಬಿಟ್ಟು ಹೊರಗೆ ಹೋಗಿರಲಿಲ್ಲ. ಜುಲೈ ಕೊನೆಯಲ್ಲಿ ಹಳ್ಳಿಗಳಲ್ಲಿ ರೈತರು ಜಮೀನ್ದಾರರ ಕೋಟೆಮನೆಗಳಿಗೆ ನುಗ್ಗಿ ಗೇಣಿಯ ದಾಖಲೆ ಸುಟ್ಟರು. ಅದಕ್ಕೆ ಹೆದರಿಯೇ ಆಗಸ್ಟ್ 4ರ ರಾತ್ರಿ ಸಭೆ ಊಳಿಗಮಾನ್ಯ ಹಕ್ಕುಗಳನ್ನು ಬಿಟ್ಟುಕೊಟ್ಟಿತು. ಮತದ ಜಗಳದಿಂದ ಈ ಸಿಟ್ಟು ಹುಟ್ಟಿದ್ದಲ್ಲ, ಅದು ಬಹಳ ಹಳೆಯದು. ಆದರೆ ಎಸ್ಟೇಟ್ಸ್ ಜನರಲ್‌ಗಾಗಿ ಆ ವಸಂತದಲ್ಲಿ ಊರೂರಲ್ಲೂ ದೂರುಗಳ ಪಟ್ಟಿ ಬರೆಸಿದ್ದರು. ಬರೆಸಿದ ಮೇಲೆ ಪರಿಹಾರ ಬಂದೇ ಬರುತ್ತದೆ ಅಂತ ರೈತರು ಕಾದಿದ್ದರು. ಈ ನಾಲ್ಕು ಸಾಲನ್ನು ಬ್ರೆಡ್ ಭಾಗದ ಕೊನೆಗೆ ಸೇರಿಸಿದೆ. ಪೀಠಿಕೆಯ ವಾದದಲ್ಲಿ "ಅನ್ನೋ ಜಗಳದಿಂದ" ಅಂತ ಇದ್ದದ್ದನ್ನು "ಅನ್ನೋ ಜಗಳದಿಂದ, ಮತ್ತು ಆ ಜಗಳ ಹಳ್ಳಿಯವರೆಗೂ ಹುಟ್ಟಿಸಿದ ನಿರೀಕ್ಷೆಯಿಂದ" ಅಂತ ತಿದ್ದಿದೆ.