ನಲವತ್ತೆರಡು ಸ್ಲೈಡು, ಏಳು ದಿನದ ಪಾಠ

ಮುಂಬೈನ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲಿನ ಅಡುಗೆಯವರಿಗೆ ಶುಚಿತ್ವದ ತರಬೇತಿ ಕೊಡಬೇಕಿತ್ತು. ನನ್ನ ಹತ್ತಿರ 42 ಸ್ಲೈಡು ಇದ್ದವು, ಎರಡು ಗಂಟೆಯ ಪಾಠ. ಬೆಳಗಿನ ಇಡ್ಲಿಯಿಂದ ರಾತ್ರಿ ಊಟದವರೆಗೆ ಓಡಾಡುವವರನ್ನು ಅಷ್ಟು ಹೊತ್ತು ಒಟ್ಟಿಗೆ ಕೂರಿಸೋದು ಆಗದ ಮಾತು. ಅದಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಾರ ಪಾಠ ಕಳಿಸಿದೆ.

ಮೊದಲ ಸಲ ದಿನಕ್ಕೆ ಆರು ಸ್ಲೈಡಿನ ಫೋಟೊ ಹಾಕಿದೆ. ಮೂರನೇ ದಿನ ಮೆಸೇಜಿನ ಇನ್ಫೋ ತೆಗೆದು ನೋಡಿದರೆ 18 ಜನರಲ್ಲಿ ನೋಡಿದವರು ಐದೇ ಜನ. ಅಕ್ಷರ ಫೋನಿನಲ್ಲಿ ಸಾಸಿವೆಯಷ್ಟು ಸಣ್ಣ. ಅದಕ್ಕಿಂತ ಜಾಸ್ತಿ ತೊಂದರೆ ಬೇರೆ ಇತ್ತು. ಸ್ಲೈಡಿನಲ್ಲಿ ಬರೀ ತಲೆಬರಹ, ವಿಷಯವೆಲ್ಲ ನನ್ನ ಬಾಯಲ್ಲಿ.

ಎರಡನೇ ಸಲ ಸ್ಲೈಡುಗಳನ್ನು ಮುಚ್ಚಿಟ್ಟು, ಪಾಠ ಆದ ಮೇಲೆ ಇವರು ಯಾವ ಕೆಲಸವನ್ನು ಬೇರೆ ಥರ ಮಾಡಬೇಕು ಅಂತ ಕಾಗದದ ಮೇಲೆ ಬರೆದೆ. ಆರು ಕೆಲಸ ಸಿಕ್ಕವು. ದಿನಕ್ಕೊಂದು, ಏಳನೇ ದಿನ ಬರೀ ಅವರ ಪ್ರಶ್ನೆಗಳಿಗೆ. ಕಾನೂನು, ಬ್ಯಾಕ್ಟೀರಿಯಾದ ಬಗೆಗಳು, ಗ್ರಾಫು, ಎಲ್ಲ ಬಿಟ್ಟೆ.

ಮೂರನೇ ದಿನದ್ದು ಅನ್ನ. ಸ್ಲೈಡಿನಲ್ಲಿ ‘5ರಿಂದ 60 ಡಿಗ್ರಿ: ಅಪಾಯದ ವಲಯ’ ಅಂತಿತ್ತು, ಅಂದರೆ ಅಷ್ಟು ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತೆ ಅಂತ. ಅದು ಹೀಗಾಯಿತು:

“*ಉಳಿದ ಅನ್ನ ಡಬರಿಯಲ್ಲೇ ಬಿಡಬೇಡಿ.* ಅಗಲವಾದ ಟ್ರೇಯಲ್ಲಿ ಹರಡಿ, ಬೇಗ ಆರಿಸಿ ಫ್ರಿಜ್ಜಿಗೆ ಇಡಿ. ಹೊತ್ತು ಹೋದರೆ ಅನ್ನದಲ್ಲಿ ವಿಷ ಹುಟ್ಟಬಹುದು. ಮತ್ತೆ ಬಿಸಿ ಮಾಡಿದರೂ ಅದು ಹೋಗಲ್ಲ. ಇವತ್ತಿನ ಟ್ರೇಯ ಫೋಟೊ ನನಗೊಬ್ಬಳಿಗೇ ಕಳಿಸಿ.”

ಜೊತೆಗೆ 40 ಸೆಕೆಂಡಿನ ವಾಯ್ಸ್ ಮೆಸೇಜು. ಡಬರಿಯ ಮೇಲಿನ ಅನ್ನ ಆರಿದರೂ ನಡುವಿನದು ಗಂಟೆಗಟ್ಟಲೆ ಬೆಚ್ಚಗಿರುತ್ತೆ ಅನ್ನೋದನ್ನು ಅದರಲ್ಲಿ ಹೇಳಿದೆ. ಓದೋಕೆ ಕಷ್ಟಪಡುವವರು ಅದನ್ನೇ ಕೇಳಿದರು. ಕಳಿಸಿದ್ದು ಮಧ್ಯಾಹ್ನ ಮೂರೂವರೆಗೆ. ಊಟದ ಗಡಿಬಿಡಿ ಮುಗಿದು ಉಳಿದ ಅನ್ನ ಕಣ್ಣೆದುರೇ ಇರುವ ಹೊತ್ತು ಅದು.

ಮೊದಲೆರಡು ದಿನ ಕಲಿತರೋ ಇಲ್ವೋ ನೋಡೋಕೆ ಗ್ರೂಪಿನಲ್ಲೇ ಪೋಲ್ ಹಾಕಿದ್ದೆ. ಎಲ್ಲರದ್ದೂ ಸರಿ ಉತ್ತರ! ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತಲ್ವಾ, ಹಿರಿಯ ಭಟ್ಟರು ಒತ್ತಿದ್ದನ್ನೇ ಉಳಿದವರೂ ಒತ್ತಿದ್ದರು. ಫೋಟೊ ಹಾಗಲ್ಲ. ಒಬ್ಬ ಹುಡುಗನ ಫೋಟೊದಲ್ಲಿ ಟ್ರೇ ಇತ್ತು, ಅನ್ನ ಮಾತ್ರ ಗುಡ್ಡದ ಹಾಗೆ. ತಪ್ಪು ಅವನದಲ್ಲ. ‘ಹರಡಿ’ ಅಂದಿದ್ದೆ, ಎಷ್ಟು ದಪ್ಪ ಅಂತ ಹೇಳಿರಲಿಲ್ಲ. ‘ಎರಡು ಬೆರಳಿಗಿಂತ ಎತ್ತರ ಬೇಡ’ ಅಂತ ಸೇರಿಸಿ, ಸರಿಯಾದ ಟ್ರೇಯ ಫೋಟೊವನ್ನೂ ಅದರ ಜೊತೆ ಹಾಕಿದೆ.

ಥರ್ಮಾಮೀಟರ್ ಬಳಸೋದನ್ನು ಮಾತ್ರ ಫೋನಿನಲ್ಲಿ ಕಲಿಸೋಕಾಗಲಿಲ್ಲ. ಅದಕ್ಕೆ ಅಡುಗೆಮನೆಗೇ ಹೋಗಿ ಅರ್ಧ ಗಂಟೆ ನಿಂತೆ.

ಏಳನೇ ದಿನ ಭಟ್ಟರು ಕೇಳಿದರು: “ಅಕ್ಕ, ಅನ್ನ ಸರಿ. ಸಾಂಬಾರನ್ನ ಟ್ರೇಗೆ ಸುರಿಯೋಕಾಗಲ್ವಲ್ಲ?” ನನ್ನ 42 ಸ್ಲೈಡಿನಲ್ಲಿ ಅದಿರಲಿಲ್ಲ. ಸಣ್ಣ ಸಣ್ಣ ಪಾತ್ರೆಗೆ ಹಂಚಿ, ಐಸ್ ನೀರಿನಲ್ಲಿಟ್ಟು, ಆಗಾಗ ಕೈಯಾಡಿಸಿ ಅಂತ ಎಂಟನೇ ದಿನದ ಪಾಠ ಬರೆದು, ಮರುದಿನ ಮೂರೂವರೆಗೆ ಕಳಿಸಿದೆ.