ಒಂದು ಗೆರೆ ಅಳಿಸಿದ್ದಕ್ಕೆ ಏಳು ಕಡೆ ಎರರ್

ಮೋಟಾರ್ ಕೂರಿಸುವ ಒಂದು ಪ್ಲೇಟ್. 160 × 90 ಮಿಮೀ, ದಪ್ಪ 12. ಸಾಲಿಡ್‌ವರ್ಕ್ಸ್‌ನಲ್ಲಿ ನಾನೇ ಮಾಡಿದ್ದ ಮಾಡೆಲ್. ಪಕ್ಕದಲ್ಲಿ ಪೈಪ್ ಹಾಯುತ್ತದೆ, ಬಲಗಡೆ ಮೇಲಿನ ಮೂಲೆಯಲ್ಲಿ 14 × 30 ಕಚ್ಚು ಕೊಡಿ ಅಂತ ಪಾರ್ಟಿಯವರು ಕೇಳಿದರು. ಐದು ನಿಮಿಷದ ಕೆಲಸ ಅಂದುಕೊಂಡೆ.

ಮೊದಲನೇ ಸ್ಕೆಚ್ ತೆರೆದು, ಬಲಗಡೆಯ ಗೆರೆಯನ್ನು ಅಳಿಸಿ, ಕಚ್ಚಿನ ಸಮೇತ ಹೊಸದಾಗಿ ಗೆರೆಗಳನ್ನು ಎಳೆದೆ. ಬೇರೆ ಫೀಚರ್‌ಗಳು ಇದನ್ನು ನಂಬಿಕೊಂಡಿವೆ, ಅಳಿಸಲಾ ಅಂತ ಒಂದು ಪೆಟ್ಟಿಗೆ ಬಂತು. ಓದದೆ `Yes` ಒತ್ತಿದೆ. ಸ್ಕೆಚ್‌ನಿಂದ ಹೊರಗೆ ಬಂದು ನೋಡಿದರೆ ಟ್ರೀಯಲ್ಲಿ ಏಳು ಕಡೆ ಕೆಂಪು, ಹಳದಿ ಗುರುತು.

ಗಾಬರಿಯಾಗಿ ಎಲ್ಲವನ್ನೂ ಒಂದೊಂದೇ ಸರಿ ಮಾಡಲು ಹೊರಡಬಾರದು. ಏಳು ಗುರುತಿದ್ದರೂ ರೋಗ ಅಷ್ಟು ಇರಲ್ಲ, ಅರ್ಧ ಬರೀ ಮೇಲಿನದರ ಮಕ್ಕಳು. ಟ್ರೀಯ ಕೆಳಗಿರುವ ನೀಲಿ ರೋಲ್‌ಬ್ಯಾಕ್ ಬಾರನ್ನು ಮೇಲಕ್ಕೆ ಎಳೆದು, ಮೊದಲನೇ ಎರರ್‌ನ ಕೆಳಗೆ ನಿಲ್ಲಿಸಿದೆ. ಅದನ್ನು ಸರಿ ಮಾಡಿ, ಬಾರನ್ನು ಮುಂದಿನ ಎರರ್‌ವರೆಗೆ ಇಳಿಸಿದೆ. ಹೀಗೆ ಬಂದಾಗ ನಿಜವಾದ ತೊಂದರೆ ಮೂರೇ ಅಂತ ಗೊತ್ತಾಯಿತು.

ಒಂದು, ಬಲಬದಿಯ ಮುಖದ ಮೇಲೆ M6 ಟ್ಯಾಪಿಂಗ್ ಹೋಲ್‌ಗೆ ಹಾಕಿದ್ದ ಸ್ಕೆಚ್. ಅದು ಕೂತಿದ್ದ ಮುಖವೇ ಇಲ್ಲ. ಸ್ಕೆಚ್ ಮೇಲೆ ರೈಟ್ ಕ್ಲಿಕ್ ಮಾಡಿ `Edit Sketch Plane` ಕೊಟ್ಟು ಹೊಸ ಮುಖ ತೋರಿಸಿದೆ. ಇಲ್ಲಿ ಕೆಲವು ಸಲ ಸ್ಕೆಚ್ ತಲೆಕೆಳಗಾಗಿ ಕೂರುತ್ತದೆ, ಅದನ್ನೊಂದು ನೋಡಿಕೊಳ್ಳಬೇಕು. ಎರಡು, ಮೂಲೆಗಳ R5 ಫಿಲೆಟ್. ಅದರ ಪಟ್ಟಿಯಲ್ಲಿ `Missing` ಅಂತ ಬಂದಿದ್ದ ಅಂಚುಗಳನ್ನು ತೆಗೆದು, ಕೆಳಗಿನ ಮೂಲೆಯನ್ನು ಮತ್ತೆ ಆರಿಸಿದೆ.

ಮೂರನೆಯದೇ ನನಗೆ ಕೈಕೊಟ್ಟಿದ್ದು. ಬಲಸಾಲಿನ ಎರಡು 9 ಮಿಮೀ ಹೋಲ್‌ಗಳ ಅಳತೆ ಬಲ ಅಂಚಿನಿಂದ 20 ಅಂತ ಇತ್ತು. ಆ ಅಂಚು ಹೋದ ಮೇಲೆ ಡೈಮೆನ್ಷನ್ ಒಣಗಿದ ಪಾಚಿ ಬಣ್ಣಕ್ಕೆ ತಿರುಗಿ ತೂಗಾಡುತ್ತಿತ್ತು. ಅದನ್ನು ಕ್ಲಿಕ್ ಮಾಡಿದರೆ ತುದಿಯಲ್ಲಿ ಸಣ್ಣ ಕೆಂಪು ಚೌಕ ಕಾಣುತ್ತದೆ, ಅದನ್ನು ಹಿಡಿದು ಹೊಸ ಅಂಚಿನ ಮೇಲೆ ಬಿಟ್ಟರೆ ಆಯಿತು. ಬಿಟ್ಟೆ. ಬಣ್ಣ ಸರಿಹೋಯಿತು. `Ctrl+Q` ಒತ್ತಿ ಪೂರ್ತಿ ರೀಬಿಲ್ಡ್ ಮಾಡಿದೆ. ಒಂದೂ ಎರರ್ ಇಲ್ಲ. ಪ್ರಿಂಟ್ ತೆಗೆದು ಶಾಪ್‌ಗೆ ಕಳಿಸಿದೆ.

ಅರ್ಧ ಗಂಟೆಯಲ್ಲಿ ವಿಎಂಸಿ ಆಪರೇಟರ್ ಹಳೇ ಪ್ಲೇಟ್ ಹಿಡಿದುಕೊಂಡು ಬಂದರು. "ಸಾರ್, ಈ ಎರಡು ಹೋಲ್ ಯಾಕೆ ಒಳಗಡೆ ಬಂದಿವೆ?"

ಎಡ ಅಂಚಿನಿಂದ ಅಳೆದು ನೋಡಿದೆ. 140 ಇರಬೇಕಾದದ್ದು 126. ವ್ಯತ್ಯಾಸ ಸರಿಯಾಗಿ 14, ಅಂದರೆ ಕಚ್ಚಿನ ಅಗಲ. ನಾನು ಡೈಮೆನ್ಷನ್ ಬಿಟ್ಟಿದ್ದು ಹೊರಗಿನ ಅಂಚಿನ ಮೇಲಲ್ಲ, ಕಚ್ಚಿನ ಒಳಗೋಡೆಯ ಮೇಲೆ. 20 ಅನ್ನೋ ಅಂಕಿ ಹಾಗೇ ಇತ್ತು, ಅಳತೆ ಶುರುವಾಗುವ ಜಾಗ ಮಾತ್ರ ಬದಲಾಗಿತ್ತು. ಸಾಫ್ಟ್‌ವೇರ್ ಲೆಕ್ಕದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ ಅಲ್ವಾ? ಎರರ್ ಯಾಕೆ ತೋರಿಸುತ್ತದೆ! ಪುಣ್ಯಕ್ಕೆ ಇನ್ನೂ ಡ್ರಿಲ್ ಹಾಕಿರಲಿಲ್ಲ.

ಈಗ ಮೊದಲನೇ ಸ್ಕೆಚ್ ಮುಟ್ಟುವ ಮುಂಚೆ `Measure`ನಲ್ಲಿ ನಾಲ್ಕೈದು ಮುಖ್ಯ ಅಳತೆಗಳನ್ನು ತೆಗೆದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಅದೂ ಬದಲಾಗದ ಕಡೆಯಿಂದ, ಇಲ್ಲಿ ಎಡ ಅಂಚಿನಿಂದ. ಕೊನೆಯಲ್ಲಿ ಚೀಟಿಗೆ ತಾಳೆ ನೋಡುತ್ತೇನೆ.

ಆ ಸಂಜೆ ಹಳೇ ಫೈಲ್ ತೆಗೆದು ಅದೇ ಬದಲಾವಣೆಯನ್ನು ಇನ್ನೊಂದು ರೀತಿ ಮಾಡಿ ನೋಡಿದೆ. ಪ್ರತಿ ಗೆರೆಗೂ ಒಳಗೊಳಗೆ ಒಂದು ಗುರುತು ಇರುತ್ತದೆ. ಆ ಗೆರೆಯಿಂದ ಹುಟ್ಟುವ ಮುಖ, ಅಂಚುಗಳನ್ನು ಮುಂದಿನ ಫೀಚರ್‌ಗಳು ಆ ಗುರುತಿನಿಂದಲೇ ಹುಡುಕುವುದು. ಅದೇ ಜಾಗದಲ್ಲಿ ಹೊಸ ಗೆರೆ ಎಳೆದರೂ ಅದು ಬೇರೆ ಗೆರೆಯೇ. ಹಾಗಾಗಿ ಈ ಸಲ ಏನನ್ನೂ ಅಳಿಸಲಿಲ್ಲ. ಕಚ್ಚಿನ ಎರಡು ಗೆರೆಗಳನ್ನು ಎಳೆದು, `Trim`ನಿಂದ ಮೂಲೆಯ ತುಂಡುಗಳನ್ನಷ್ಟೇ ಕತ್ತರಿಸಿದೆ. ಬಲಗಡೆಯ ಗೆರೆ 90 ಇದ್ದದ್ದು 60 ಆಯಿತು, ಆದರೆ ಗೆರೆ ಅದೇ.

ಟ್ಯಾಪಿಂಗ್ ಹೋಲ್ ತನ್ನ ಮುಖದ ಮೇಲೇ ಕೂತಿತ್ತು. ಹೋಲ್‌ಗಳು 140ರಲ್ಲೇ ಇದ್ದವು. ಫಿಲೆಟ್ ಒಂದೇ ಹಳದಿ ತೋರಿಸಿತು, ಅದೂ ಮೇಲಿನ ಮೂಲೆಗೆ ಮಾತ್ರ. ಆ ಮೂಲೆ ನಿಜಕ್ಕೂ ಹೋಗಿತ್ತಲ್ಲ.

ಹೋಲ್‌ಗಳ ಅಳತೆಯನ್ನು ಅಂಚಿನ ಬದಲು ಒರಿಜಿನ್‌ನಿಂದ ಕೊಡು ಅಂತ ಸುಮಾರು ಜನ ಹೇಳುತ್ತಾರೆ. ಈ ಪ್ಲೇಟಿಗೆ ನಾನು ಹಾಗೆ ಮಾಡಲಿಲ್ಲ. ನಾಳೆ 160 ಹೋಗಿ 180 ಆದರೆ ಹೋಲ್‌ಗಳು ಬಲ ಅಂಚಿನ ಜೊತೆಗೇ ಸರಿಯಬೇಕು, ಮೋಟಾರ್ ಕೂರುವುದು ಆ ಕಡೆಗೆ.