ಹಾಲಿನ ಕೆನೆ ಹಿಡಿದುಕೊಂಡು ಮಾಡಿದ ಭಾಷಣ

ಮಕ್ಕಳ ಆವಿಷ್ಕಾರ ದಿನವನ್ನು ಕಲಾಂ ಅವರು ಹುಟ್ಟಿದ ಅಕ್ಟೋಬರ್ 15ಕ್ಕೇ ಮಾಡೋಣ ಅಂದರೆ ಎಷ್ಟೋ ಸಲ ದಸರಾ ರಜೆ ಅಡ್ಡ ಬರುತ್ತದೆ. ಹಾಗಾಗಿ ನಮ್ಮ ಶಾಲೆಯಲ್ಲಿ ಅದು ನವೆಂಬರಿಗೆ ಹೋಗುತ್ತದೆ. ಮುಖ್ಯ ಶಿಕ್ಷಕಿಯಾದ ನನ್ನ ಭಾಷಣ ಅಂತೂ ತಪ್ಪಿದ್ದಲ್ಲ. ಮೂರು ವರ್ಷ ನಾನೂ ಎಡಿಸನ್, ರೈಟ್ ಸಹೋದರರು ಅಂತ ಅರ್ಧರ್ಧ ಗಂಟೆ ಮಾತಾಡಿದೆ. ಮಕ್ಕಳು ಕೂತಲ್ಲೇ ಹುಲ್ಲು ಕೀಳುತ್ತಿದ್ದರು. ಮೇಜಿನ ಮೇಲೆ ಬಂದದ್ದು ಅದೇ ಥರ್ಮಾಕೋಲ್ ಜ್ವಾಲಾಮುಖಿ, ಅದೇ ಸಿರಿಂಜ್ ಜೆಸಿಬಿ. ಒಂದೊಂದಕ್ಕೂ ಮನೆಯವರು ನಾನೂರು, ಐನೂರು ರೂಪಾಯಿ ಸುರಿದಿದ್ದರು. ಶಾಮಿಯಾನ, ಮೈಕ್, ಬಹುಮಾನ ಅಂತ ನಮಗೂ ಆರು ಸಾವಿರದ ಹತ್ತಿರ ಆಗುತ್ತಿತ್ತು.

ಕಳೆದ ಸಲ ಪೂರ್ತಿ ಬದಲಾಯಿಸಿದೆ. ಮೊದಲು ಭಾಷಣ, ಹದಿನೈದು ದಿನ ಬಿಟ್ಟು ಪ್ರದರ್ಶನ. ಭಾಷಣಕ್ಕೂ ಒಂದು ವಾರ ಮುಂಚೆ ಮಕ್ಕಳ ಕೈಗೆ ನೋಟ್‌ಬುಕ್ಕಿನ ಹಾಳೆ ಕೊಟ್ಟು, 'ದಿನಾ ಕಿರಿಕಿರಿ ಆಗುವ ಒಂದು ವಿಷಯ ಬರೀರಿ, ಪರಿಹಾರ ಬರೀಬೇಡಿ' ಅಂದೆ. ಸಹೋದ್ಯೋಗಿಗಳಿಗೆ ಇಷ್ಟವಾಗಲಿಲ್ಲ. 'ಮೇಡಂ, ಬರೀ ದೂರು ಬರುತ್ತೆ, ಅತಿಥಿಗಳಿಗೆ ಏನು ತೋರಿಸೋದು?' ಅಂದರು.

ಮೊದಲ ದಿನ ಬಂದದ್ದು ಸುಮ್ನೆ ದೊಡ್ಡ ಮಾತು: ಪ್ಲಾಸ್ಟಿಕ್, ಮಾಲಿನ್ಯ, ಟ್ರಾಫಿಕ್. ನಮ್ಮೂರಲ್ಲಿ ಟ್ರಾಫಿಕ್ ಎಲ್ಲಿದೆ? ಎಲ್ಲ ವಾಪಸ್ ಕೊಟ್ಟೆ. ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದು ಒಂದೇ ವಾಕ್ಯದಲ್ಲಿ ಇರಬೇಕು ಅಂದೆ. ಆಮೇಲೆ ಬಂದವು ನೋಡಿ. ಚಪ್ಪಲಿ ಅದಲುಬದಲು, ಸೈಕಲ್ ಸೀಟಿನ ಮೇಲಿನ ಇಬ್ಬನಿ, ಲಂಗಕ್ಕೆ ಅಂಟುವ ಉತ್ತರಾಣಿ. ಸುಮಾರು ನೂರ ನಲವತ್ತು ಹಾಳೆಗಳಲ್ಲಿ ಮೂವತ್ತಕ್ಕೂ ಜಾಸ್ತಿ ಒಂದೇ ವಿಷಯ: ಕ್ಷೀರಭಾಗ್ಯದ ಹಾಲಿನ ಕೆನೆ. ತರಗತಿಯಲ್ಲಿ ಬಾಯಿಯೇ ಬಿಡದ ಮಕ್ಕಳೂ ನಿಜ ಬರೆದರು.

ಭಾಷಣದ ದಿನ ವೇದಿಕೆಯ ಮೇಲೆ ಎರಡು ಅಗಲ ಪಾತ್ರೆಯಲ್ಲಿ ಬಿಸಿ ಹಾಲು ಇಡಿಸಿದೆ. ಒಂದಕ್ಕೆ ಮುಚ್ಚಳ, ಇನ್ನೊಂದಕ್ಕೆ ಇಲ್ಲ. ಹಾಲಿನ ಬಗ್ಗೆ ಏನೂ ಹೇಳದೆ ಮಕ್ಕಳ ಹಾಳೆಗಳನ್ನು ಓದುತ್ತಾ ಹೋದೆ. ಐದಾರು ನಿಮಿಷ ಆಗಿರಬೇಕು. ತೆರೆದ ಪಾತ್ರೆಯಿಂದ ಚಮಚದಲ್ಲಿ ಕೆನೆ ಎತ್ತಿ ಹಿಡಿದೆ. ಅದು ಒದ್ದೆ ಬಟ್ಟೆಯ ಹಾಗೆ ಜೋತಾಡಿತು. ಇಡೀ ಅಂಗಳ 'ಥೂ!' ಅಂತು. ಮುಚ್ಚಿದ ಪಾತ್ರೆಯಲ್ಲಿ ತೆಳ್ಳಗೆ ಒಂದು ಪೊರೆ ಅಷ್ಟೆ. 'ಗಾಳಿಗೆ ಮೇಲಿನ ನೀರು ಆರುತ್ತೆ ಮೇಡಂ, ಅದಕ್ಕೆ' ಅಂದ ಏಳನೇ ತರಗತಿಯ ಹುಡುಗ. ಸರಿಯೇ. ಮೇಲೆ ನೀರು ಆರಿದಂತೆ ಹಾಲಿನ ಪ್ರೋಟೀನು ಒಂದಕ್ಕೊಂದು ಅಂಟಿ, ಕೊಬ್ಬನ್ನೂ ಹಿಡಿದುಕೊಂಡು ಪದರವಾಗುತ್ತದೆ. 'ಹಾಗಾದ್ರೆ ಮುಚ್ಚಳ ಹಾಕಿಕೊಂಡೇ ಬಡಿಸೋದು ಹೇಗೆ?' ಅಂತ ಕೇಳಿ ಮೈಕ್ ಕೆಳಗಿಟ್ಟೆ. ಒಂಬತ್ತೇ ನಿಮಿಷ. ಉತ್ತರ ಹೇಳಿಬಿಟ್ಟಿದ್ದರೆ ಎಲ್ಲರೂ ಅದನ್ನೇ ಮಾಡಿಕೊಂಡು ಬರುತ್ತಿದ್ದರು.

ಪ್ರದರ್ಶನಕ್ಕೆ ಮಕ್ಕಳನ್ನು ತಂಡ ಮಾಡಿ, ತಂಡಕ್ಕೆ ಐವತ್ತು ರೂಪಾಯಿ ಮಿತಿ ಹಾಕಿದೆ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ತಂಡ, ಸಾವಿರದ ಇನ್ನೂರರ ಸುತ್ತ ಖರ್ಚು. ಕೆನೆಯ ತಂಡ ಮೊದಲು ಟೀ ಸೋಸುವ ಜಾಲರಿ ತಂದಿತು. ಹತ್ತು ಲೋಟಕ್ಕೇ ಕಟ್ಟಿಕೊಂಡು ಸಾಲು ನಿಂತಿತು. ಆಮೇಲೆ ಪಾತ್ರೆಯ ತಳಕ್ಕೆ ನಲ್ಲಿ ಹಾಕೋಣ ಅಂದರು. ಮಿತಿ ಮುರಿದು ನಾನೇ ನಾನೂರ ಐವತ್ತು ಕೊಟ್ಟು ಹಾಕಿಸಿದೆ. ನನ್ನದೇ ತಪ್ಪು. ಎರಡನೇ ದಿನ ನಲ್ಲಿಯೊಳಗೆ ಹಾಲು ಹುಳಿತು, ತಿಕ್ಕಲು ಬೆರಳೂ ಹೋಗುವುದಿಲ್ಲ.

ಕೊನೆಗೆ ಆರನೇ ತರಗತಿಯ ಹುಡುಗಿ ಹಾಲಿನ ಮೇಲೆ ಸ್ಟೀಲ್ ತಟ್ಟೆ ತೇಲಿಬಿಟ್ಟಳು. ತಟ್ಟೆಯ ಕೆಳಗಿನ ಹಾಲಿಗೆ ಗಾಳಿಯೇ ತಾಗುವುದಿಲ್ಲ, ಪಕ್ಕದಿಂದ ಸೌಟು ಇಳಿಸಬಹುದು. ಆದರೆ ಸೌಟು ತಗುಲಿದಾಗ ಹಾಲು ಒಳಗೆ ನುಗ್ಗಿ ತಟ್ಟೆ ಮುಳುಗಿತು. ಎತ್ತರ ಅಂಚಿನದು ಬೇಕಾಯಿತು. ಬಕೆಟ್ ಕೆಳಗೆ ಕಿರಿದು, ಹಾಲು ಇಳಿದಂತೆ ದೊಡ್ಡ ತಟ್ಟೆ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಚಿಕ್ಕದಿಟ್ಟರೆ ಸುತ್ತ ಉಂಗುರದಂತೆ ಕೆನೆ. ನೇರ ಗೋಡೆಯ ಪಾತ್ರೆಗೆ ಬದಲಿಸಿದ ಮೇಲೆ ಸರಿಹೋಯಿತು. ಹಿಡಿಗೆ ಹಳೇ ಮುಚ್ಚಳದ ಗುಬುಟು. ಒಟ್ಟು ಅರವತ್ತು ರೂಪಾಯಿ, ಹತ್ತು ಜಾಸ್ತಿ. ಬಿಟ್ಟೆ. ಅಂಚಿನಲ್ಲಿ ಈಗಲೂ ಸ್ವಲ್ಪ ಕೆನೆ ಕಟ್ಟುತ್ತದೆ, ಆದರೆ ಲೋಟಕ್ಕೆ ಬರುವುದು ಅಪರೂಪ.

ಉತ್ತರಾಣಿಯ ತಂಡದ ಕಥೆ ಬೇರೆ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ನಾಯಿಯ ಮೈಗೆ ಅಂಟಿದ ಇಂಥದೇ ಮುಳ್ಳುಕಾಯಿ ನೋಡಿ ವೆಲ್ಕ್ರೋ ಯೋಚಿಸಿದ್ದನ್ನು ಅವರಿಗಷ್ಟೇ ಹೇಳಿದ್ದೆ. ಉತ್ತರಾಣಿಯನ್ನೇ ಚೀಲದ ಬಾಯಿಗೆ ಹೊಲಿದರು. ಮೂರು ಸಲ ತೆಗೆಯುವಷ್ಟರಲ್ಲಿ ಮುಳ್ಳು ಮುರಿದವು. ಆ ಚೀಲವನ್ನೂ ಪ್ರದರ್ಶನಕ್ಕೆ ಇಡಿಸಿದೆ.

ಜ್ವಾಲಾಮುಖಿ ಒಂದೂ ಬರಲಿಲ್ಲ. ತಟ್ಟೆಯ ಐಡಿಯಾವನ್ನು ಶಾಲಾ ಮಕ್ಕಳ ಹೊಸ ಯೋಚನೆಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಮಾನಕ್ ಪ್ರಶಸ್ತಿಗೆ ಹಾಕಿದ್ದೇವೆ, ಆಯ್ಕೆಯಾದರೆ ಹುಡುಗಿಗೆ ಹತ್ತು ಸಾವಿರ. ಅಡುಗೆಯಕ್ಕ ಅಷ್ಟರೊಳಗೆ ಅಂಥವೇ ಇನ್ನೂ ಮೂರು ತಟ್ಟೆ ಮಾಡಿಸಿಕೊಂಡಿದ್ದಾರೆ. ಅವನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟಲು ಬಿಡುವುದಿಲ್ಲ.